ಎಷ್ಟು ಪರದೆ, ಎಷ್ಟು ಟಿವಿ, ಎಷ್ಟು ಮನೆ?

ರಾಜಾಜಿನಗರದ ಹಳೆಯ ಮನೆಯಲ್ಲಿ ಅಪ್ಪ-ಅಮ್ಮ, ಕೆಂಗೇರಿ ಉಪನಗರದ ಫ್ಲಾಟಿನಲ್ಲಿ ಮಗನ ಸಂಸಾರ, ವಿಜಯನಗರದಲ್ಲಿ ಮಗಳು. ಹೀಗೊಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಮೂರು ಮನೆಗೂ ಸೇರಿ ಒಂದೇ ಒಟಿಟಿ ಚಂದಾ, ಒಂದೇ ಪಾಸ್‌ವರ್ಡ್. ಒಂದು ಸಂಜೆ ಕೆಂಗೇರಿಯ ಟಿವಿ ಸಿನಿಮಾ ತೋರಿಸಲು ಒಪ್ಪುವುದಿಲ್ಲ. ‘ನಮ್ಮದು ಎರಡು ಪರದೆಯ ಪ್ಲಾನು, ನಾಲ್ಕು ಪರದೆಯದಕ್ಕೆ ಹೋಗೋಣ’ ಎಂದು ಮಗ ಹೆಚ್ಚಿನ ಹಣ ಕಟ್ಟುತ್ತಾನೆ. ಆದರೂ ಟಿವಿ ತೆರೆಯುವುದಿಲ್ಲ. ಏಕೆಂದರೆ ಆ ಟಿವಿಯನ್ನು ತಡೆದದ್ದು ಪರದೆಗಳ ಲೆಕ್ಕವೇ ಅಲ್ಲ.

ಒಟಿಟಿ ಸರ್ವರ್‌ಗಳು ಮೂರು ಬಗೆಯ ಲೆಕ್ಕ ಇಡಬಲ್ಲವು: ಈ ಕ್ಷಣದಲ್ಲಿ ಎಷ್ಟು ಪರದೆಗಳಲ್ಲಿ ವಿಡಿಯೊ ಓಡುತ್ತಿದೆ, ಖಾತೆಯ ಪಟ್ಟಿಯಲ್ಲಿ ಎಷ್ಟು ಸಾಧನಗಳಿವೆ, ಆ ಸಾಧನಗಳು ಯಾವ ಮನೆಗೆ ಸೇರಿವೆ. ಯಾವ ಲೆಕ್ಕಕ್ಕೆ ಹೆಚ್ಚು ಒತ್ತು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಲೆಕ್ಕ ಬೇರೆಯಾದಂತೆ ಪರಿಹಾರವೂ ಬೇರೆ.

ಮೊದಲನೆಯದು ಓಡುವ ಪರದೆಯ ಲೆಕ್ಕ. ಇದನ್ನು ಜಿಯೋಹಾಟ್‌ಸ್ಟಾರ್‌ನಲ್ಲಿ ಆರ್‌ಸಿಬಿ ಪಂದ್ಯವಿರುವ ಸಂಜೆ ಚೆನ್ನಾಗಿ ಕಾಣಬಹುದು. ಎರಡು ಪರದೆಯ ಚಂದಾ ಇದೆ ಎನ್ನೋಣ. ರಾಜಾಜಿನಗರದ ಹಾಲ್‌ನಲ್ಲಿ ಅಪ್ಪ ನೋಡುತ್ತಿದ್ದಾರೆ, ಕೆಂಗೇರಿಯಲ್ಲಿ ಮಗ ನೋಡುತ್ತಿದ್ದಾನೆ. ವಿಜಯನಗರದಲ್ಲಿ ಮಗಳು ಫೋನ್ ತೆರೆದರೆ ಅವಳಿಗೆ ಜಾಗವಿಲ್ಲ. ಸರ್ವರ್‌ಗೆ ಇದು ಗೊತ್ತಾಗುವುದು ಹೇಗೆ? ಇಂಥ ವಿಡಿಯೊಗಳು ಬೀಗ ಹಾಕಿದ ಸ್ಥಿತಿಯಲ್ಲೇ ಟಿವಿಗೆ ಬರುತ್ತವೆ. ಪ್ಲೇ ಒತ್ತಿದಾಗ ಟಿವಿಯ ಆ್ಯಪ್ ಸರ್ವರ್‌ನಿಂದ ಬೀಗ ತೆರೆಯುವ ಡಿಜಿಟಲ್ ಕೀಲಿ ಕೇಳುತ್ತದೆ. ಈ ಖಾತೆಯಲ್ಲಿ ಈಗಾಗಲೇ ಎಷ್ಟು ಪರದೆಗಳು ಓಡುತ್ತಿವೆ ಎಂದು ನೋಡಿಕೊಂಡೇ ಸರ್ವರ್ ಮುಂದಿನದನ್ನು ಬಿಡುತ್ತದೆ. ಆ ಬಳಿಕವೂ ಆ್ಯಪ್ ಸುಮ್ಮನಿರುವುದಿಲ್ಲ. ‘ಇನ್ನೂ ಓಡುತ್ತಿದೆ’ ಎಂಬ ಪುಟ್ಟ ಸಂದೇಶವನ್ನು ಆಗಾಗ ಕಳಿಸುತ್ತಲೇ ಇರುತ್ತದೆ. ಎಂಜಿನಿಯರುಗಳು ಇದನ್ನು ಹಾರ್ಟ್‌ಬೀಟ್ ಎನ್ನುತ್ತಾರೆ.

ನೋಡುವವರು ಬ್ಯಾಕ್ ಗುಂಡಿ ಒತ್ತಿ ಹೊರಬಂದರೆ ಆ್ಯಪ್ ‘ಮುಗಿಯಿತು’ ಎಂದು ತಿಳಿಸುತ್ತದೆ, ಜಾಗ ಕೂಡಲೇ ತೆರವಾಗುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಅಥವಾ ಕರೆಂಟು ಹೋದರೆ ಆ ಮಾತು ಹೇಳಲು ಆ್ಯಪ್‌ಗೆ ಅವಕಾಶವೇ ಸಿಗುವುದಿಲ್ಲ. ಮಿಡಿತ ನಿಂತಿದೆ ಎಂದು ಖಾತ್ರಿಯಾಗುವವರೆಗೆ ಸರ್ವರ್ ಆ ಪರದೆಯನ್ನು ಲೆಕ್ಕದಲ್ಲೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಎಲ್ಲ ಟಿವಿ ಆರಿಸಿದ ಮೇಲೂ ಸ್ವಲ್ಪ ಹೊತ್ತು ‘ಮಿತಿ ಮೀರಿದೆ’ ಎಂಬ ಸೂಚನೆ ಬರಬಹುದು. ಕೆಲವು ನಿಮಿಷ ಕಾದು ಮತ್ತೆ ಪ್ಲೇ ಒತ್ತಿದರೆ ಸಾಕು.

ಇದಕ್ಕಿಂತ ಕಣ್ತಪ್ಪಿಸುವ ತೊಂದರೆ ಇನ್ನೊಂದಿದೆ. ಹಳೆಯ ಟಿವಿಯ ಹಿಂದೆ ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿರುತ್ತಾರೆ, ಅದಕ್ಕೆ ಬೇರೆ ಅಡಾಪ್ಟರ್‌ನಿಂದ ಕರೆಂಟು. ಅಮ್ಮ ಟಿವಿ ರಿಮೋಟ್‌ನಿಂದ ಟಿವಿ ಆರಿಸಿ ಮಲಗುತ್ತಾರೆ. ಆರುವುದು ಪರದೆ ಮಾತ್ರ. ಟಿವಿ ಆರಿದ್ದು ಸ್ಟಿಕ್‌ಗೆ ತಿಳಿಯದಿದ್ದರೆ ಅದು ಧಾರಾವಾಹಿಯ ಮುಂದಿನ ಕಂತುಗಳನ್ನು ಓಡಿಸುತ್ತಲೇ ಇರಬಹುದು, ಹಾರ್ಟ್‌ಬೀಟ್ ಕಳಿಸುತ್ತಲೇ ಇರಬಹುದು. ಯಾರೂ ನೋಡದ ಕಂತುಗಳು ‘ನೋಡಿ ಮುಗಿಸಿದ’ ಪಟ್ಟಿಯಲ್ಲಿ ಕಂಡರೆ ಅದೇ ಇದರ ಗುರುತು.

ಎರಡನೆಯದು ಸಾಧನಗಳ ಪಟ್ಟಿ. ಭಾರತದಲ್ಲಿ ಅಮೆಜಾನ್ ಪ್ರೈಮ್ 2025ರ ಜನವರಿಯಿಂದ ಒಂದು ಸದಸ್ಯತ್ವಕ್ಕೆ ಐದು ಸಾಧನ, ಅವುಗಳಲ್ಲಿ ಟಿವಿ ಎರಡೇ ಎಂಬ ಮಿತಿ ತಂದಿತು. ಈ ಲೆಕ್ಕಕ್ಕೆ ಟಿವಿ ಓಡುತ್ತಿದೆಯೋ ಇಲ್ಲವೋ ಮುಖ್ಯವಲ್ಲ, ಪಟ್ಟಿಯಲ್ಲಿ ಅದರ ಹೆಸರಿದೆಯೋ ಇಲ್ಲವೋ ಅಷ್ಟೇ ಮುಖ್ಯ. ರಾಜಾಜಿನಗರದ ಹಾಲ್ ಮತ್ತು ಮಲಗುವ ಕೋಣೆಯ ಟಿವಿಗಳು ಪಟ್ಟಿಯಲ್ಲಿದ್ದರೆ, ಅವೆರಡನ್ನೂ ಆರಿಸಿದರೂ ಕೆಂಗೇರಿಯ ಟಿವಿಗೆ ಪ್ರವೇಶವಿಲ್ಲ. ಪ್ರತಿ ಸಾಧನಕ್ಕೂ ತನ್ನದೇ ಗುರುತಿನ ಸಂಖ್ಯೆ ಇರುತ್ತದೆ. ಆದ್ದರಿಂದ ಒಂದೇ ಟಿವಿಯಲ್ಲಿ ಒಳಗಿನ ಆ್ಯಪ್‌ನಿಂದಲೂ ಚುಚ್ಚಿದ ಸ್ಟಿಕ್‌ನಿಂದಲೂ ಲಾಗಿನ್ ಆಗಿದ್ದರೆ ಪಟ್ಟಿಯಲ್ಲಿ ಎರಡು ಹೆಸರು ಮೂಡುತ್ತವೆ. ಎಕ್ಸ್‌ಚೇಂಜ್‌ಗೆ ಕೊಟ್ಟ ಹಳೆಯ ಟಿವಿಯ ಹೆಸರೂ ತಾನಾಗಿ ಅಳಿಸಿಹೋಗುತ್ತದೆ ಎಂದು ನಂಬುವಂತಿಲ್ಲ. ಪ್ರೈಮ್ ವಿಡಿಯೊ ಸೆಟ್ಟಿಂಗ್ಸ್‌ನ Your Devices ಪುಟಕ್ಕೆ ಹೋಗಿ ಬೇಡವಾದುದರ ಎದುರು Deregister ಒತ್ತಬೇಕು. ಟಿವಿ ಕೊಟ್ಟುಬಿಡುವ ಮುನ್ನವೇ ಇದನ್ನು ಮಾಡುವುದು ಒಳ್ಳೆಯದು, ಇಲ್ಲವಾದರೆ ಅದನ್ನು ಕೊಂಡವರ ಕೈಗೆ ನಿಮ್ಮ ಖಾತೆಯೂ ಸೇರಬಹುದು.

ಮೂರನೆಯದು ಮನೆಯ ಲೆಕ್ಕ. ಕೆಂಗೇರಿಯ ಮಗ ಸಿಕ್ಕಿಕೊಂಡದ್ದು ಇಲ್ಲೇ. ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಒಂದು ಖಾತೆ ಒಂದೇ ಮನೆಯವರಿಗೆ ಎಂಬ ನಿಯಮವನ್ನು ಭಾರತದಲ್ಲಿ ಜಾರಿಗೆ ತಂದಿತು. ಮನೆ ಎಂದರೆ ಇಲ್ಲಿ ರಕ್ತಸಂಬಂಧವಲ್ಲ, ಇಂಟರ್ನೆಟ್ ಸಂಪರ್ಕ. ರಾಜಾಜಿನಗರದ ಮನೆಯ ಟಿವಿ, ಫೋನ್, ಟ್ಯಾಬ್ ಎಲ್ಲವೂ ಒಂದೇ ವೈಫೈ ರೂಟರ್ ಮೂಲಕ ಹೊರಗೆ ಹೋಗುತ್ತವೆ. ಹಾಗಾಗಿ ಹೊರಜಗತ್ತಿಗೆ ಅವುಗಳ ಐಪಿ ವಿಳಾಸ ಒಂದೇ. ಕೆಂಗೇರಿಯ ಟಿವಿಯದು ಬೇರೆ. ಆದರೆ ವಿಳಾಸವೊಂದನ್ನೇ ನೆಚ್ಚುವಂತಿಲ್ಲ. ಬ್ರಾಡ್‌ಬ್ಯಾಂಡ್ ಕಂಪನಿಗಳು ವಿಳಾಸವನ್ನು ಆಗಾಗ ಬದಲಿಸುತ್ತವೆ, ಕೆಲವೊಮ್ಮೆ ಹಲವು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ಅದಕ್ಕೇ ನೆಟ್‌ಫ್ಲಿಕ್ಸ್ ಐಪಿ ವಿಳಾಸದ ಜೊತೆಗೆ ಸಾಧನದ ಗುರುತು ಮತ್ತು ಖಾತೆಯ ಚಟುವಟಿಕೆಯನ್ನೂ ಕೂಡಿಸಿ ನೋಡುತ್ತದೆ. ಜಿಪಿಎಸ್ ಬಳಸುವುದಿಲ್ಲ.

ಟಿವಿ ಬೇರೆ ಮನೆಯದು ಎಂದು ಕಂಡಾಗ ಕೆಂಗೇರಿಯ ಪರದೆಯ ಮೇಲೆ Your TV isn't part of the Netflix Household for this account ಎಂಬ ಸಾಲು ಮೂಡುತ್ತದೆ. ಹಬ್ಬಕ್ಕೆ ಬಂದವರು, ಪ್ರವಾಸದಲ್ಲಿರುವವರು ಅಲ್ಲೇ ತಾತ್ಕಾಲಿಕ ಕೋಡ್ ಕೇಳಬಹುದು. ಅದು ಬರುವುದು ಖಾತೆದಾರರ ಇಮೇಲ್‌ಗೆ ಅಥವಾ ಫೋನ್‌ಗೆ, ಬೇಗ ಅವಧಿ ಮುಗಿಯುತ್ತದೆ. ಹಾಗಾಗಿ ಖಾತೆ ಅಪ್ಪನದಾಗಿದ್ದರೆ ಅವರು ಎಚ್ಚರವಾಗಿದ್ದಾಗಲೇ ಕೇಳಬೇಕು. ಆದರೆ Update Netflix Household ಎಂಬುದನ್ನು ಕೆಂಗೇರಿಯಲ್ಲಿ ಒತ್ತಿದರೆ ಖಾತೆಯ ‘ಮನೆ’ಯೇ ಅಲ್ಲಿಗೆ ಹೋಗುತ್ತದೆ, ಮುಂದೆ ರಾಜಾಜಿನಗರದ ಟಿವಿಗಳಿಗೆ ತಡೆ ಬೀಳಬಹುದು. ಅಪ್ಪ ಮತ್ತೆ ಇಲ್ಲಿ ಒತ್ತುತ್ತಾರೆ, ಮಗ ಮತ್ತೆ ಅಲ್ಲಿ. ಈ ಎಳೆದಾಟಕ್ಕೆ ಕೊನೆಯಿಲ್ಲ.

ಈ ಕುಟುಂಬದ ಲೆಕ್ಕ ಬಿಡಿಸೋಣ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಇಳಿಸಿದ ದರಗಳ ಪ್ರಕಾರ ತಿಂಗಳಿಗೆ ಒಂದು ಪರದೆಯ ಬೇಸಿಕ್ 199 ರೂಪಾಯಿ, ಎರಡು ಪರದೆಯ ಸ್ಟ್ಯಾಂಡರ್ಡ್ 499, ನಾಲ್ಕು ಪರದೆಯ ಪ್ರೀಮಿಯಂ 649. ಮಗ 499ರಿಂದ 649ಕ್ಕೆ ಏರಿದ್ದು ವ್ಯರ್ಥವಾಯಿತು. ನಾಲ್ಕು ಪರದೆಗಳೂ ಒಂದೇ ಮನೆಯವರಿಗೆ ಎಂದೇ ಲೆಕ್ಕ. ಅದರ ಬದಲು ಮೂರು ಮನೆಗೆ ಮೂರು ಬೇಸಿಕ್ ಖಾತೆ ತೆಗೆದರೆ ಒಟ್ಟು 597 ರೂಪಾಯಿ. ಹಳೆಯ ಸ್ಟ್ಯಾಂಡರ್ಡ್‌ಗಿಂತ ತೊಂಬತ್ತೆಂಟು ಹೆಚ್ಚು, ಆದರೆ ಪ್ರೀಮಿಯಂಗಿಂತ ಐವತ್ತೆರಡು ಕಡಿಮೆ. ಕಳೆದುಕೊಳ್ಳುವುದೂ ಇದೆ: ಚಿತ್ರದ ಸ್ಪಷ್ಟತೆ ಸ್ಟ್ಯಾಂಡರ್ಡ್‌ನ 1080ರಿಂದ 720ಕ್ಕೆ ಇಳಿಯುತ್ತದೆ, ಪ್ರತಿ ಮನೆಯಲ್ಲೂ ಒಮ್ಮೆಗೆ ಒಂದೇ ಪರದೆ. 149 ರೂಪಾಯಿಯ ಮೊಬೈಲ್ ಪ್ಲಾನ್ ಇನ್ನೂ ಅಗ್ಗ, ಆದರೆ ಅದು ಟಿವಿಯಲ್ಲಿ ನಡೆಯುವುದಿಲ್ಲ. ಮಗ ತನ್ನ ಪ್ರೊಫೈಲನ್ನು ಹೊಸ ಖಾತೆಗೆ ವರ್ಗಾಯಿಸಿಕೊಂಡರೆ ಅರ್ಧ ನೋಡಿದ ಧಾರಾವಾಹಿಗಳ ಗುರುತು ಅಲ್ಲಿಗೇ ಬರುತ್ತದೆ.

ಆದ್ದರಿಂದ ಟಿವಿಗೆ ತಡೆ ಬಿದ್ದಾಗ ಪ್ಲಾನ್ ಬದಲಿಸುವ ಮುನ್ನ ಪರದೆಯ ಮೇಲಿನ ಸಾಲನ್ನು ಪೂರ್ತಿ ಓದಿ. ‘ತುಂಬ ಜನ ನೋಡುತ್ತಿದ್ದಾರೆ’ ಎಂದಿದ್ದರೆ ಯಾರಾದರೂ ನಿಲ್ಲಿಸಬೇಕು, ಇಲ್ಲವೇ ದೊಡ್ಡ ಪ್ಲಾನ್ ಬೇಕು. ಸಾಧನಗಳ ಮಿತಿ ಎಂದಿದ್ದರೆ ಪಟ್ಟಿಯಿಂದ ಒಂದನ್ನು ತೆಗೆಯಬೇಕು. ಮನೆಗೆ ಸೇರಿಲ್ಲ ಎಂದಿದ್ದರೆ ಆ ಮನೆಗೆ ಬೇರೆ ಚಂದಾ ಬೇಕು. ಅದೇ ಖಾತೆಯ ಪ್ಲಾನ್ ಏರಿಸುವುದರಿಂದ ನೇರವಾಗಿ ಬಗೆಹರಿಯುವುದು ಇವುಗಳಲ್ಲಿ ಮೊದಲನೆಯದು ಮಾತ್ರ.