ತುಟಿಯಲ್ಲೊಂದು ತಡೆ

ವರ್ಷಗಟ್ಟಲೆ ಬೀಡಿ ಸೇದಿ, ಇಲ್ಲವೇ ಸೌದೆ ಒಲೆಯ ಹೊಗೆ ಕುಡಿದು ದಮ್ಮು ಹಿಡಿದವರು ಮೆಟ್ಟಿಲು ಹತ್ತಿ ನಿಂತಾಗ ತುಟಿ ಕಿರಿದು ಮಾಡಿ ಮೆಲ್ಲಗೆ ಗಾಳಿ ಬಿಡುವುದುಂಟು. ಹೇಳಿಕೊಟ್ಟವರಿಲ್ಲದಿದ್ದರೂ ಅನೇಕರು ತಾವಾಗಿಯೇ ಇದನ್ನು ಕಂಡುಕೊಳ್ಳುತ್ತಾರೆ. ಉಸಿರು ಸಾಲದಿದ್ದಾಗ ಬಾಯಿ ಅಗಲಿಸಬೇಕು, ಇವರೇಕೆ ಕಿರಿದು ಮಾಡುತ್ತಾರೆ?

ಸಿಒಪಿಡಿಯಲ್ಲಿ, ಅದರಲ್ಲೂ ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಎಂಫಿಸೀಮದಲ್ಲಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದೇ ಕಷ್ಟ. ಇದಕ್ಕೆ ಕಾರಣ ಒತ್ತಡದ ಲೆಕ್ಕದಲ್ಲಿದೆ. ಈ ಒತ್ತಡವನ್ನು ನೀರಿನ ಎತ್ತರದ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ.

ಜೋರಾಗಿ ಉಸಿರು ಬಿಟ್ಟಾಗ ಎದೆಗೂಡು ಶ್ವಾಸಕೋಶವನ್ನು 20ರಷ್ಟು ಒತ್ತುತ್ತದೆ ಎಂದಿಟ್ಟುಕೊಳ್ಳಿ. ಆರೋಗ್ಯವಂತರ ಶ್ವಾಸಕೋಶ ತನ್ನ ಬಿಗಿಯಿಂದ ಇನ್ನೂ 10 ಸೇರಿಸಿದರೆ ಗಾಳಿಚೀಲದೊಳಗೆ 30 ಆಯಿತು. ಗಾಳಿ ಹೊರಗೆ ಹರಿಯುತ್ತಾ ಒತ್ತಡ ಇಳಿಯುತ್ತಾ ಬಂದು ಬಾಯಿಯ ಬಳಿ ಸೊನ್ನೆಯಾಗುತ್ತದೆ. ದಾರಿಯಲ್ಲಿ ಅದು 20ಕ್ಕೆ ಇಳಿದ ಜಾಗದಲ್ಲಿ ನಾಳದ ಒಳಗೂ ಹೊರಗೂ ಒತ್ತಡ ಸಮ. ಅಲ್ಲಿಂದ ಮುಂದೆ ಹೊರಗಿನದೇ ಮೇಲುಗೈ. ಆದರೆ ಅಷ್ಟರಲ್ಲಿ ಗಾಳಿ ಮೃದ್ವಸ್ಥಿಯ ಆಸರೆಯಿರುವ ದೊಡ್ಡ ನಾಳಗಳನ್ನು ತಲುಪಿರುತ್ತದೆ, ಅವು ಸುಲಭಕ್ಕೆ ಮುಚ್ಚಿಕೊಳ್ಳುವುದಿಲ್ಲ.

ಎಂಫಿಸೀಮದಲ್ಲಿ ಶ್ವಾಸಕೋಶದ ಬಿಗಿ ಸಡಿಲವಾಗಿ 3ಕ್ಕೆ ಇಳಿದಿದೆ ಎನ್ನಿ. ಒಳಗಿರುವುದು ಬರೀ 23. ಅದರಲ್ಲಿ 3 ಖರ್ಚಾಗುವಷ್ಟರಲ್ಲಿ ಗಾಳಿ ಇನ್ನೂ ಆಸರೆಯಿಲ್ಲದ ಸಣ್ಣ ನಾಳಗಳಲ್ಲೇ ಇರುತ್ತದೆ. ಅವು ಅಮುಕಿಹೋಗುತ್ತವೆ. ಹೆಚ್ಚು ಒತ್ತಿದರೆ ಇನ್ನಷ್ಟು ಅಮುಕುತ್ತವೆ. ಗಾಳಿ ಒಳಗೇ ಉಳಿದು ಎದೆ ಉಬ್ಬುತ್ತದೆ, ವಪೆ ಚಪ್ಪಟೆಯಾಗುತ್ತದೆ, ಮುಂದಿನ ಉಸಿರು ಎಳೆಯಲು ಜಾಗವೇ ಇರುವುದಿಲ್ಲ.

ತೋಟಕ್ಕೆ ನೀರು ಬಿಡುವ ಮೆತ್ತನೆ ಪೈಪಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಪೈಪು ಉದ್ದಕ್ಕೂ ಉಬ್ಬಿ ನಿಲ್ಲುತ್ತದಲ್ಲ, ತುಟಿಯೂ ಅದನ್ನೇ ಮಾಡುತ್ತದೆ. ಮೆಲ್ಲಗೆ ಬಿಟ್ಟಾಗ ಎದೆಗೂಡಿನ ಒತ್ತು 5 ಮಾತ್ರ, ಗಾಳಿಚೀಲದಲ್ಲಿ 8. ತುಟಿಯ ಹಿಂದೆ 5 ಉಳಿದರೆ, ನಾಳದೊಳಗಿನ ಒತ್ತಡ ಎಲ್ಲಿಯೂ ಹೊರಗಿನದಕ್ಕಿಂತ ಕೆಳಗಿಳಿಯದು. ದಾರಿ ತೆರೆದೇ ಇರುತ್ತದೆ. ಉಸಿರಾಟವೂ ನಿಧಾನವಾಗುವುದರಿಂದ ಶ್ವಾಸಕೋಶ ಖಾಲಿಯಾಗಲು ಸಮಯ ಸಿಗುತ್ತದೆ.

ಮಾಡುವ ಕ್ರಮ ಸರಳ. ಹೆಗಲು ಸಡಿಲ ಬಿಟ್ಟು, ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಎಳೆದುಕೊಳ್ಳಿ. ಶಿಳ್ಳೆ ಹಾಕುವಂತೆ ತುಟಿ ಹಿಡಿದು, ನಾಲ್ಕು ಎಣಿಸುವವರೆಗೆ ಬಿಡಿ. ಹೆಚ್ಚಿನವರು ಎಡವುವುದು ಇಲ್ಲೇ: ದೀಪ ಆರಿಸುವವರ ಹಾಗೆ ಬಲವಾಗಿ ಊದುತ್ತಾರೆ. ಹೊಟ್ಟೆ ಗಟ್ಟಿಯಾದರೆ, ಎದೆಯಲ್ಲಿ ಸುಯ್ ಸದ್ದು ಹೆಚ್ಚಿದರೆ ಹಳೆಯ 20ರ ಲೆಕ್ಕಕ್ಕೇ ಮರಳಿದ್ದೀರಿ ಎಂದರ್ಥ. ಮೆಟ್ಟಿಲು ಹತ್ತುವಾಗ ನಿಂತಲ್ಲೇ ಎಳೆದುಕೊಂಡು, ಹೆಜ್ಜೆ ಎತ್ತುವಾಗ ಬಿಡುವುದು ಒಳ್ಳೆಯದು.

ಇದು ಎಲ್ಲರಿಗೂ ಒಂದೇ ರೀತಿ ಹಿಡಿಸುವುದಿಲ್ಲ. ನಾಳಗಳು ಹೆಚ್ಚಾಗಿ ಅಮುಕದವರಿಗೆ ತುಟಿಯ ತಡೆ ಬರೀ ಹೆಚ್ಚುವರಿ ಶ್ರಮ ಎನಿಸಬಹುದು. ಇನ್‌ಹೇಲರ್‌ಗೆ ಇದು ಬದಲಿಯಲ್ಲ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಎಣಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.