ಪ್ರಮಾಣಪತ್ರವಿಲ್ಲದ ಬಡಗಿಗೆ ಪರಿಚಯದ ಸಾಲುಗಳೇ ಸಾಕ್ಷಿ

ಅಂಗಡಿಗೆ ಬಂದ ಗ್ರಾಹಕ ಮೇಜನ್ನು ಅಲ್ಲಾಡಿಸಿ ನೋಡುತ್ತಾನೆ, ಡ್ರಾಯರ್ ಎಳೆದು ನೋಡುತ್ತಾನೆ, ಬಗ್ಗಿ ಅಡಿಭಾಗವನ್ನೂ ಪರೀಕ್ಷಿಸುತ್ತಾನೆ. ಅಂತರಜಾಲದಲ್ಲಿ ಕೊಳ್ಳುವವನಿಗೆ ಈ ಯಾವ ಅವಕಾಶವೂ ಇಲ್ಲ. ಆತನ ಮುಂದಿರುವುದು ಕೆಲವು ಚಿತ್ರಗಳು ಮತ್ತು ಮಾರುವವನ ಕಿರು ಪರಿಚಯ ಮಾತ್ರ. ಐಟಿಐ ಮೆಟ್ಟಿಲು ಹತ್ತದೆ, ಕೈಯಿಂದಲೇ ಕಸುಬು ಕಲಿತ ಬಡಗಿಗೆ ಆ ಪರಿಚಯವೇ ಪ್ರಮಾಣಪತ್ರದ ಕೆಲಸ ಮಾಡಬೇಕಾಗುತ್ತದೆ.

ಬಹುತೇಕ ಪರಿಚಯಗಳು ಎಡವುವುದು ಇಲ್ಲಿಯೇ. ‘20 ವರ್ಷಗಳ ಅನುಭವ, ಉತ್ಕೃಷ್ಟ ಗುಣಮಟ್ಟ, ಗ್ರಾಹಕರ ತೃಪ್ತಿಯೇ ನಮ್ಮ ಧ್ಯೇಯ’ ಎಂಬ ಸಾಲನ್ನು ಯಾರು ಬೇಕಾದರೂ ಬರೆಯಬಹುದು. ಅದನ್ನು ಪರೀಕ್ಷಿಸುವ ದಾರಿ ಓದುಗನಿಗಿಲ್ಲ. ಆದ್ದರಿಂದ ಅದು ನಂಬಿಕೆಯನ್ನೂ ಹುಟ್ಟಿಸುವುದಿಲ್ಲ. ಕೆಲಸ ಬಲ್ಲವನು ಮಾತ್ರ ಹೇಳಬಲ್ಲ, ಕೊಳ್ಳುವವನು ಪರೀಕ್ಷಿಸಬಲ್ಲ ವಿವರ ಇರಬೇಕು.

ಉದಾಹರಣೆಗೆ, ಆರು ಅಡಿ ಉದ್ದ, ಮೂರು ಅಡಿ ಅಗಲದ ತೇಗದ ಊಟದ ಮೇಜನ್ನು ಮಾರುವ ಬಡಗಿಯೊಬ್ಬನನ್ನು ಊಹಿಸಿಕೊಳ್ಳೋಣ. ಮರ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಈ ಬದಲಾವಣೆ ಎಳೆಯ ಉದ್ದಕ್ಕೆ ನಗಣ್ಯ, ಅಡ್ಡಕ್ಕೆ ಹೆಚ್ಚು. ಮೂರು ಅಡಿ ಅಗಲದ ಹಲಗೆಯಲ್ಲಿ ಅದು ಕೆಲವು ಮಿಲಿಮೀಟರುಗಳಷ್ಟಾಗಬಹುದು. ಮೇಲ್ಹಲಗೆಯನ್ನು ಚೌಕಟ್ಟಿಗೆ ಅಂಟಿಸಿ ಬಿಗಿದರೆ ಒಂದೆರಡು ವರ್ಷಗಳಲ್ಲಿ ಸೀಳು ಕಾಣಿಸಿಕೊಳ್ಳುವ ಸಂಭವವಿದೆ. ಅರಿತ ಬಡಗಿ ಸ್ಕ್ರೂಗಳಿಗೆ ಉದ್ದನೆಯ ರಂಧ್ರ ಕೊರೆದು, ಹಲಗೆ ಸರಿದಾಡಲು ಎಡೆ ಬಿಡುತ್ತಾನೆ. ಇದನ್ನು ಒಂದು ಸಾಲಿನಲ್ಲಿ ಬರೆದು, ಮೇಜಿನ ಅಡಿಭಾಗದ ಚಿತ್ರವನ್ನು ಪಕ್ಕದಲ್ಲಿಟ್ಟರೆ ಅದಕ್ಕಿಂತ ದೊಡ್ಡ ಅರ್ಹತೆಯ ಪುರಾವೆ ಬೇಕಿಲ್ಲ.

ಸ್ವಂತವಾಗಿ ಕಲಿತ ಸಂಗತಿಯನ್ನು ಮುಚ್ಚಿಡುವುದೂ ಬೇಡ, ಅದಕ್ಕಾಗಿ ಕ್ಷಮೆ ಕೇಳುವುದೂ ಬೇಡ. ಎಲ್ಲಿ, ಯಾವ ಕೆಲಸದಿಂದ ಕಲಿತದ್ದು ಎಂದು ಹೇಳಿದರೆ ಸಾಕು. ಅಂಥ ಬಡಗಿಯ ಪರಿಚಯ ಹೀಗಿರಬಹುದು:

‘ನಾನು ಮೈಸೂರಿನಲ್ಲಿ ಬಡಗಿ. ಕಸುಬನ್ನು ಶಾಲೆಯಲ್ಲಿ ಕಲಿತಿಲ್ಲ; ಹಳೆಯ ಕುರ್ಚಿ, ಮೇಜುಗಳನ್ನು ರಿಪೇರಿ ಮಾಡುತ್ತ ಕಲಿತೆ. ಕುರ್ಚಿ ಮೊದಲು ಸಡಿಲಾಗುವುದು ಹಿಂಗಾಲು ಆಸನವನ್ನು ಸೇರುವಲ್ಲಿ. ಆದ್ದರಿಂದ ಅಲ್ಲಿ ಮೊಳೆ ಹೊಡೆಯದೆ, ಒಂದರಲ್ಲಿ ತೂತು ಕೊರೆದು ಇನ್ನೊಂದರ ತುದಿಯನ್ನು ಅದರೊಳಗೆ ಬಿಗಿಯಾಗಿ ಕೂರಿಸುತ್ತೇನೆ. ಕಾಲು ಮತ್ತು ಚೌಕಟ್ಟು ಗಟ್ಟಿ ತೇಗ. ಬೀರುವಿನ ಹಿಂಬದಿ ಪ್ಲೈವುಡ್. ಮೇಜು ಸಿದ್ಧವಾಗಲು 25 ದಿನ ಬೇಕು. ಜೋಡಣೆ ಎರಡು ವರ್ಷದೊಳಗೆ ಸಡಿಲವಾದರೆ ಉಚಿತವಾಗಿ ಸರಿಪಡಿಸುತ್ತೇನೆ. ನೀರು ನಿಂತು ಆದ ಕಲೆಗೆ ಈ ಭರವಸೆ ಅನ್ವಯಿಸದು.’

ಇಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಕುರ್ಚಿಯ ಮಾತು ಕೌಶಲವನ್ನು ತೋರಿಸುತ್ತದೆ. ಪ್ಲೈವುಡ್ ಬಳಕೆಯನ್ನು ತಾನಾಗಿಯೇ ಒಪ್ಪಿಕೊಂಡದ್ದರಿಂದ ತೇಗದ ಮಾತೂ ನಂಬಲರ್ಹವಾಗುತ್ತದೆ. ಭರವಸೆಗೆ ಅವಧಿಯೂ ಮಿತಿಯೂ ಇರುವುದರಿಂದ ಬರೆದವನು ಅದನ್ನು ಪಾಲಿಸುವ ಯೋಚನೆ ಮಾಡಿದ್ದಾನೆಂದು ತಿಳಿಯುತ್ತದೆ. ‘ಜೀವಮಾನದ ಗ್ಯಾರಂಟಿ’ ಎಂದಿದ್ದರೆ ಈ ಭಾವನೆ ಬರುತ್ತಿರಲಿಲ್ಲ.

ಬರೆದ ಮಾತಿಗೆ ಕಾನೂನಿನ ತೂಕವೂ ಇದೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಜಾಹೀರಾತಿನ ವಿವರಣೆ ವಸ್ತುವಿನ ನೈಜ ಗುಣಕ್ಕೆ ಹೊಂದಿಕೆಯಾಗಿರಬೇಕು. ಹೊಂದದಿದ್ದರೆ ವಸ್ತುವನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ತೇಗದ ತೆಳು ಪದರ ಅಂಟಿಸಿದ ಪ್ಲೈವುಡ್ ಮೇಜನ್ನು ‘ಅಪ್ಪಟ ತೇಗ’ ಎಂದು ಬರೆದವನು ಸಾಗಣೆ ವೆಚ್ಚದ ಜೊತೆಗೆ ಹೆಸರನ್ನೂ ಕಳೆದುಕೊಳ್ಳುತ್ತಾನೆ. ತಾನೇ ಗ್ರಾಹಕನೆಂಬಂತೆ ತೋರಿಸಿಕೊಂಡು ಮೆಚ್ಚುಗೆ ಬರೆದುಕೊಳ್ಳುವುದನ್ನೂ ಇದೇ ನಿಯಮಗಳು ನಿಷೇಧಿಸಿವೆ.

ಚಿತ್ರಗಳ ವಿಷಯದಲ್ಲೂ ಇದೇ ಎಚ್ಚರ ಅಗತ್ಯ. ಬೇರೆಡೆಯಿಂದ ಎರವಲು ತಂದ ಹೊಳಪಿನ ಚಿತ್ರವನ್ನು ಅಂತರಜಾಲದಲ್ಲಿ ಹುಡುಕಿ ಅದರ ಮೂಲವನ್ನು ಪತ್ತೆ ಹಚ್ಚುವುದು ಇಂದು ಕಷ್ಟವಲ್ಲ. ಅದರ ಬದಲು, ಅಂಟು ಹಾಕುವ ಮುನ್ನ ತೆರೆದಿರುವ ಜೋಡಣೆ, ಡ್ರಾಯರಿನ ಹಿಂಬದಿ, ಎರಡು ವರ್ಷ ಬಳಕೆಯ ನಂತರ ಗ್ರಾಹಕರ ಮನೆಯಲ್ಲಿ ಅವರ ಒಪ್ಪಿಗೆ ಪಡೆದು ತೆಗೆದ ಅದೇ ಮೇಜು, ಈ ಮೂರು ಸಾದಾ ಚಿತ್ರಗಳು ಹೆಚ್ಚು ಹೇಳುತ್ತವೆ.

ಇಷ್ಟೆಲ್ಲದರ ಬಳಿಕವೂ ಪರಿಚಯ ತಂದುಕೊಡಬಲ್ಲದ್ದು ಮೊದಲ ಗ್ರಾಹಕನನ್ನು ಮಾತ್ರ. 25 ದಿನವೆಂದು ಬರೆದ ಮೇಜು 40ನೇ ದಿನಕ್ಕೆ ತಲುಪಿದರೆ ಎರಡನೆಯ ಗ್ರಾಹಕ ಓದುವುದು ಬಡಗಿಯ ಸಾಲುಗಳನ್ನಲ್ಲ, ಮೊದಲ ಗ್ರಾಹಕನ ದೂರನ್ನು. ಆದ್ದರಿಂದ ತಡವಾಗುವ ಸಾಧ್ಯತೆಯನ್ನು ಮೊದಲೇ ಲೆಕ್ಕ ಹಾಕಿ ದಿನ ನಮೂದಿಸುವುದು ಒಳಿತು.