ಟ್ಯೂಷನ್ ಫೀಸಿಗೆ ಮೂರು ಮೆಟ್ಟಿಲು

‘ತಿಂಗಳಿಗೆ ಎಷ್ಟು ತಗೋತೀರಿ ಮೇಡಂ?’ ಮನೆಗೇ ಬಂದು ಪಾಠ ಹೇಳುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. 4,500 ರೂಪಾಯಿ ಎಂದು ಒಂದೇ ಅಂಕಿ ಹೇಳಿದರೆ ಚೌಕಾಸಿ ಶುರು. ಹೋಲಿಸಿ ನೋಡಲು ಪೋಷಕರ ಬಳಿ ಪಕ್ಕದ ಮನೆಯವರು ಕೊಡುವ ಫೀಸು ಬಿಟ್ಟರೆ ಬೇರೇನಿದೆ?

1992ರಲ್ಲಿ ಸೈಮನ್‌ಸನ್ ಮತ್ತು ಟ್ವೆರ್ಸ್ಕಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಕ್ಯಾಮೆರಾ ತೋರಿಸಿದಾಗ ಆಯ್ಕೆ ಅರ್ಧರ್ಧ ಹಂಚಿಹೋಯಿತು. ಇನ್ನೂ ದುಬಾರಿಯದೊಂದನ್ನು ಜೊತೆಗಿಟ್ಟಾಗ ಶೇ. 57 ಮಂದಿ ನಡುವಿನದನ್ನೇ ಆರಿಸಿಕೊಂಡರು.

ಹತ್ತನೇ ತರಗತಿಯ ಗಣಿತಕ್ಕೆ ಶಿಕ್ಷಕಿಯೊಬ್ಬರು ಹೀಗೆ ಪಟ್ಟಿ ಮಾಡಿದರು ಎಂದಿಟ್ಟುಕೊಳ್ಳಿ. ಮೇಲೆ ಪ್ರೀಮಿಯಂ: 20 ಕ್ಲಾಸು, ವಾರಕ್ಕೊಂದು ಟೆಸ್ಟು, 9,000 ರೂಪಾಯಿ. ನಡುವೆ ಸ್ಟ್ಯಾಂಡರ್ಡ್: 12 ಕ್ಲಾಸು, ತಿಂಗಳಿಗೊಂದು ಟೆಸ್ಟು, 4,500. ಕೆಳಗೆ ಬೇಸಿಕ್: ಬರೀ 8 ಕ್ಲಾಸು, 3,200. ಮೊದಲು 9,000 ಕಣ್ಣಿಗೆ ಬಿದ್ದ ಮೇಲೆ 4,500 ಹಗುರವಾಗಿ ಕಾಣುತ್ತದೆ. ಕ್ಲಾಸಿಗೆ ಬೇಸಿಕ್‌ನಲ್ಲಿ 400, ಸ್ಟ್ಯಾಂಡರ್ಡ್‌ನಲ್ಲಿ 375; ಲೆಕ್ಕ ಹಾಕುವ ಅಪ್ಪನಿಗೂ ನಡುವಿನದೇ ಒಪ್ಪಿಗೆ.

ಆದರೆ ಪ್ರೀಮಿಯಂ ಬರೀ ಬೆದರುಬೊಂಬೆ ಆಗಬಾರದು. ಯಾರಾದರೂ ಅದನ್ನೇ ಕೇಳಿದರೆ ತಿಂಗಳಲ್ಲಿ 20 ಸಂಜೆ ಕೊಡಬೇಕು. ಅಷ್ಟು ಬಿಡುವಿಲ್ಲದವರು ಅದನ್ನು ಪಟ್ಟಿಗೆ ಹಾಕುವುದೇ ಮೋಸ. ಇನ್ನು, ಬಂದವರೆಲ್ಲ ಬೇಸಿಕ್ಕೇ ಹಿಡಿದರೆ ಅದರಲ್ಲೇನು ಪುಕ್ಕಟೆ ಹೋಗುತ್ತಿದೆ ಎಂದು ನೋಡಬೇಕು. ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಬರುವ ಲೆಕ್ಕಗಳನ್ನು ಎಲ್ಲರಿಗೂ ಬಿಡಿಸಿಕೊಡುತ್ತಿದ್ದರೆ, ಅದನ್ನು ಸ್ಟ್ಯಾಂಡರ್ಡ್‌ಗೆ ಸರಿಸುವುದು ಮೊದಲ ಕೆಲಸ.